ತೆರೆಯ ಮೇಲಣ ಬಾಣ: ಪಾಠಮುದ್ರಣದಲ್ಲಿ ಕರ್ಸರಿನ ಗಾತ್ರ, ಬಣ್ಣ ಮತ್ತು ಪ್ರಭಾವಳಿ

2020ನೆಯ ಇಸವಿಯಲ್ಲಿ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲವೂ ಗಣಕಯಂತ್ರದ ಮೂಲಕವೇ ನಡೆಯಬೇಕಾಗಿ ಬಂದಾಗ, ಈ ಲೇಖಕನು ಶಿವಮೊಗ್ಗದ ಆಲ್ಕೊಳದಲ್ಲಿರುವ ತನ್ನ ಮನೆಯ ಕೋಣೆಯಲ್ಲಿ ಕುಳಿತು, ತಾಳಗುಂದದ ಸ್ತಂಭಶಾಸನದ ಲಿಪಿಯನ್ನು ಕುರಿತ ಪಾಠವೊಂದನ್ನು ತೆರೆಯ ಮೇಲಿನಿಂದ ಮುದ್ರಿಸಿ ವಿದ್ಯಾರ್ಥಿಗಳಿಗೆ ಕಳುಹಿಸಿದನು. ಪಾಠ ನಲವತ್ತು ನಿಮಿಷಗಳದು. ಶಾಸನದ ಪಡಿಯಚ್ಚನ್ನು ತೆರೆಯ ತುಂಬ ಹರಡಿಕೊಂಡು, ಮೌಸಿನಿಂದ ಒಂದೊಂದೇ ಅಕ್ಷರವನ್ನು ತೋರಿಸುತ್ತ ವಿವರಿಸಿದ್ದಾಗಿತ್ತು. ಮರುದಿನ ಭದ್ರಾವತಿಯಿಂದ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಹೇಳಿದ ಮಾತು ಇಷ್ಟು: “ಸರ್, ‘ಈ ಅಕ್ಷರ ನೋಡಿ’ ಅಂತ ನೀವು ಹದಿನೇಳು ಸಲ ಹೇಳಿದ್ದೀರಿ. ಯಾವ ಅಕ್ಷರ ಅಂತ ಒಂದು ಸಲವೂ ಕಾಣಲಿಲ್ಲ.” ಆಕೆ ಎಣಿಸಿದ್ದಳೆಂಬುದೇ ಲೇಖಕನಿಗೆ ನಾಚಿಕೆಯನ್ನುಂಟುಮಾಡಿತು. ಮುದ್ರಿಕೆಯನ್ನು ತನ್ನ ಮೊಬೈಲಿನಲ್ಲಿಯೇ ತೆರೆದು ನೋಡಿದಾಗ ಆಕೆಯ ಮಾತು ಅಕ್ಷರಶಃ ನಿಜವಾಗಿತ್ತು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಪಡಿಯಚ್ಚು ಕಾಣುತ್ತಿತ್ತು, ತೋರಿಸುವ ಬಾಣ ಮಾತ್ರ ಎಲ್ಲಿಯೂ ಇರಲಿಲ್ಲ.

ಆ ಬಾಣ ಏಕೆ ಕಾಣೆಯಾಯಿತು, ಅದನ್ನು ಕಾಣುವಂತೆ ಮಾಡಲು ಏನೇನು ಬದಲಾಯಿಸಬೇಕಾಯಿತು ಎಂಬುದನ್ನು ಇಲ್ಲಿ ವಿವರಿಸಲಾಗುವುದು. ತರಗತಿಯಲ್ಲಿ ಉಪಾಧ್ಯಾಯನು ಕೋಲಿನಿಂದ ಕಪ್ಪು ಹಲಗೆಯನ್ನು ತೋರಿಸುವಾಗ ವಿದ್ಯಾರ್ಥಿಯ ಕಣ್ಣು ಕೋಲಿನ ತುದಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಉಪಾಧ್ಯಾಯನ ದೇಹ, ತೋಳು, ಕೋಲು ಎಂಬ ದಾರಿಯನ್ನು ಹಿಡಿದು ತಾನಾಗಿ ತುದಿಗೆ ಬಂದು ಮುಟ್ಟುತ್ತದೆ. ಕರ್ಸರಿಗೆ ತೋಳಿಲ್ಲ. ಅದು ಚಲಿಸುತ್ತಿರುವಷ್ಟು ಹೊತ್ತು ಚಲನೆಯೇ ಕಣ್ಣನ್ನು ಸೆಳೆಯುತ್ತದೆ. ನಿಂತೊಡನೆ ಅದು ಚಿತ್ರದಲ್ಲಿರುವ ನೂರಾರು ಗುರುತುಗಳಲ್ಲಿ ಒಂದಾಗಿಬಿಡುತ್ತದೆ. ಉಪಾಧ್ಯಾಯನಿಗಾದರೋ ತನ್ನ ಕೈಯೇ ಅದನ್ನು ನಡೆಸುತ್ತಿರುವುದರಿಂದ ಬಾಣ ಎಲ್ಲಿದೆಯೆಂಬುದು ನೋಡದೆಯೂ ಗೊತ್ತಿರುತ್ತದೆ. ಆದಕಾರಣ ಈ ದೋಷ ಅದನ್ನು ಮಾಡುವವನಿಗೆ ಎಂದಿಗೂ ಕಾಣುವುದಿಲ್ಲ.

ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಗಣಕಯಂತ್ರದ ತೆರೆಯ ಮೇಲೆ ಕಾಣುವ ಬಾಣವು ಸಾಮಾನ್ಯವಾಗಿ ಆ ತೆರೆಯ ಚಿತ್ರದ ಭಾಗವಲ್ಲ. ಚಿತ್ರವೇ ಬೇರೆ, ಬಾಣವೇ ಬೇರೆ. ಚಿತ್ರಯಂತ್ರವು ತೆರೆಗೆ ಕಳುಹಿಸುವ ಕೊನೆಯ ಕ್ಷಣದಲ್ಲಿ ಬಾಣವನ್ನು ಚಿತ್ರದ ಮೇಲೆ ಇಟ್ಟು ಕಳುಹಿಸುತ್ತದೆ. ಗಾಜಿನ ಕೆಳಗಿರುವ ಪಟದ ಮೇಲೆ, ಗಾಜಿನ ಹೊರಗಡೆಯಿಂದ ಒಂದು ಕಾಳನ್ನು ಸರಿದಾಡಿಸಿದಂತೆ ಇದು. ಹೀಗೆ ಮಾಡುವುದರಿಂದ ಮೌಸು ಅಲುಗಿದಾಗಲೆಲ್ಲ ಇಡೀ ಚಿತ್ರವನ್ನು ಮತ್ತೆ ಬರೆಯುವ ಶ್ರಮ ತಪ್ಪುತ್ತದೆ. ವಾಚಕರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು: ವಿಂಡೋಸ್ ಯಂತ್ರದಲ್ಲಿ Print Screen ಕೀಲಿಯನ್ನೊತ್ತಿ ತೆಗೆದ ತೆರೆಚಿತ್ರದಲ್ಲಿ ಬಾಣವಿರುವುದಿಲ್ಲ. ಪಾಠವನ್ನು ಮುದ್ರಿಸುವ ತಂತ್ರಾಂಶವು ಬಾಣದ ಆಕಾರವನ್ನೂ ಸ್ಥಾನವನ್ನೂ ಬೇರೆಯಾಗಿ ಕೇಳಿ ಪಡೆದು, ತಾನೇ ಅದನ್ನು ಚಿತ್ರದ ಮೇಲೆ ಬರೆದುಕೊಳ್ಳುತ್ತದೆ. ಅನೇಕರು ಬಳಸುವ ಓಬಿಎಸ್ ಎಂಬ ತಂತ್ರಾಂಶದಲ್ಲಿ, ‘Display Capture’ ಎಂಬ ಮೂಲದ ಗುಣಗಳ ಪಟ್ಟಿಯಲ್ಲಿ ‘Capture Cursor’ ಎಂಬ ಚೌಕವಿರುವುದು ಇದಕ್ಕಾಗಿಯೇ. ಆ ಚೌಕದಲ್ಲಿ ಗುರುತಿಲ್ಲದಿದ್ದರೆ ಬಾಣವನ್ನು ಎಷ್ಟು ದೊಡ್ಡದು ಮಾಡಿದರೂ ಮುದ್ರಿಕೆಯಲ್ಲಿ ಅದು ಬರುವುದಿಲ್ಲ. ಮುಂದೆ ಉಂಗುರದ ವಿಷಯಕ್ಕೆ ಬಂದಾಗ ಈ ‘ಬೇರೆತನ’ ಮತ್ತೊಂದು ರೂಪದಲ್ಲಿ ತೊಂದರೆ ಕೊಡುವುದನ್ನು ಕಾಣುವೆವು.

ಲೇಖಕನ ಮುದ್ರಿಕೆಯಲ್ಲಿ ಆ ಚೌಕ ಸರಿಯಾಗಿಯೇ ಇತ್ತು. ಬಾಣವೂ ಅಲ್ಲಿಯೇ ಇತ್ತು. ಹಾಗಾದರೆ ಅದು ಎಷ್ಟು ದೊಡ್ಡದಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ವಿಂಡೋಸ್ ವ್ಯವಸ್ಥೆಯಲ್ಲಿ, ತೆರೆಯ ಅಳತೆಯನ್ನು 100 ಪ್ರತಿಶತದಲ್ಲಿಟ್ಟಾಗ, ಕರ್ಸರಿನ ಮೂಲಚೌಕ 32 ಪಿಕ್ಸೆಲುಗಳದು; ಅದರೊಳಗೆ ಬಾಣವು ತುಂಬುವುದು ಸುಮಾರು 12 ಪಿಕ್ಸೆಲ್ ಅಗಲ, 19 ಪಿಕ್ಸೆಲ್ ಎತ್ತರದ ಜಾಗವನ್ನು ಮಾತ್ರ. ತೆರೆಯ ಅಗಲ 1920 ಪಿಕ್ಸೆಲ್. ವಿದ್ಯಾರ್ಥಿನಿಯು ಮೊಬೈಲನ್ನು ನೆಟ್ಟಗೆ ಹಿಡಿದು ನೋಡಿದ್ದಳು. ಆಗ ಇಡೀ ಪಾಠದ ಚಿತ್ರ ಸುಮಾರು 65 ಮಿಲಿಮೀಟರ್ ಅಗಲಕ್ಕೆ ಕುಗ್ಗುತ್ತದೆ. ಅಂದಮೇಲೆ ಬಾಣದ ಎತ್ತರ 0.64 ಮಿಲಿಮೀಟರ್. ಸಾಸಿವೆಯ ಕಾಳಿಗಿಂತಲೂ ಚಿಕ್ಕದು.

ಕಣ್ಣಿಗೆ ಎಷ್ಟು ಕಾಣುತ್ತದೆಯೆಂಬುದು ವಸ್ತುವಿನ ಗಾತ್ರವೊಂದನ್ನೇ ಅವಲಂಬಿಸಿಲ್ಲ; ದೂರವೂ ಸೇರಿ ಕೋನವಾಗುತ್ತದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ‘ಕಲೆ’ ಎಂದು ಹೆಸರು. ಕಣ್ಣಿನ ವೈದ್ಯರ ಫಲಕದಲ್ಲಿ 6/6 ದೃಷ್ಟಿಯ ಸಾಲಿನ ಅಕ್ಷರವು ಓದುವವನ ಕಣ್ಣಿನಲ್ಲಿ 5 ಕಲೆಗಳ ಕೋನವನ್ನುಂಟುಮಾಡುತ್ತದೆ. ಸ್ವಸ್ಥವಾದ ಕಣ್ಣು ಕಷ್ಟಪಟ್ಟು ಓದಬಲ್ಲ ಮಿತಿ ಅದು. ಮೊಬೈಲನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಮೇಲೆ ಹೇಳಿದ ಬಾಣದ ಕೋನ ಸುಮಾರು 7 ಕಲೆ. ಮಿತಿಗಿಂತ ಸ್ವಲ್ಪವೇ ಮೇಲೆ. ಅದೂ ಬಿಳಿಯ ಕಾಗದದ ಮೇಲಿನ ಕರಿಯ ಅಕ್ಷರಕ್ಕೆ ಸಲ್ಲುವ ಮಿತಿ. ಕರಿ ಬಿಳಿ ಕಲೆಗಳಿಂದ ತುಂಬಿದ ಪಡಿಯಚ್ಚಿನ ಮೇಲೆ ಹುಡುಕುವ ಕಣ್ಣಿಗೆ ಅದು ಸಾಲದೆಂಬುದರಲ್ಲಿ ಆಶ್ಚರ್ಯವಿಲ್ಲ.

ಇದು ಮೊಬೈಲಿನ ದೋಷವೆಂದು ಭಾವಿಸಿ, ತರಗತಿಯ ತೆರೆಯ ಮೇಲಾದರೆ ಎಲ್ಲವೂ ಸರಿಹೋಗುವುದೆಂದು ಲೇಖಕನು ಮೊದಲು ನಂಬಿದ್ದನು. ಲೆಕ್ಕ ಹಾಗೆ ಹೇಳಲಿಲ್ಲ. ತರಗತಿಯ ತೆರೆ 2 ಮೀಟರ್ ಅಗಲ, ಕೊನೆಯ ಬೆಂಚು 9 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಅದೇ 1920 ಪಿಕ್ಸೆಲುಗಳನ್ನು ಪ್ರೊಜೆಕ್ಟರು ತೋರಿಸುವುದಾದರೆ ಒಂದು ಪಿಕ್ಸೆಲ್ ಒಂದು ಮಿಲಿಮೀಟರಿಗೆ ತುಸು ಹೆಚ್ಚು. ಬಾಣದ ಎತ್ತರ 20 ಮಿಲಿಮೀಟರ್. ಕೊನೆಯ ಬೆಂಚಿನ ಕಣ್ಣಿಗೆ ಅದರ ಕೋನವೂ ಏಳೂವರೆ ಕಲೆ! ಭದ್ರಾವತಿಯ ಮನೆಯಲ್ಲಿ ಮೊಬೈಲನ್ನು ನೆಟ್ಟಗೆ ಹಿಡಿದ ವಿದ್ಯಾರ್ಥಿನಿಯೂ, ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತವಳೂ ಬಾಣದ ಮಟ್ಟಿಗೆ ಒಂದೇ ಜಾಗದಲ್ಲಿ ಕುಳಿತಿದ್ದಾರೆ. ಮೊಬೈಲನ್ನು ಅಡ್ಡಲಾಗಿ ತಿರುಗಿಸಿದರೆ ಚಿತ್ರ ಸುಮಾರು 140 ಮಿಲಿಮೀಟರಿಗೆ ಹಿಗ್ಗಿ, ಕೋನ 16 ಕಲೆಗೆ ಏರುತ್ತದೆ; ಅಂದರೆ ಅವಳು ನಾಲ್ಕೈದು ಮೀಟರಿನಷ್ಟು ಮುಂದೆ ಬಂದು ಕುಳಿತಂತೆ. ಮುದ್ರಿಕೆಗೂ ತರಗತಿಗೂ ಬೇರೆಬೇರೆ ಗಾತ್ರಗಳನ್ನು ಇಟ್ಟುಕೊಳ್ಳಬೇಕಾಗಿಲ್ಲವೆಂಬ ಅನುಕೂಲವಾದ ಫಲವೂ ಇದರಿಂದ ದೊರೆಯಿತು.

ಬಾಣ 15ರಿಂದ 20 ಕಲೆಗಳಷ್ಟಿದ್ದರೆ ಕಣ್ಣು ಅದನ್ನು ಹುಡುಕದೆ ಕಾಣುವುದೆಂಬುದು ನಮ್ಮ ಅನುಭವ. ಎಂದರೆ ಮೂಲಗಾತ್ರದ ಎರಡರಷ್ಟಕ್ಕೆ ಕಡಿಮೆಯಿಲ್ಲದಂತೆ ದೊಡ್ಡದು ಮಾಡಬೇಕು. ವಿಂಡೋಸ್ 11ರಲ್ಲಿ ‘Settings’ ತೆರೆದು, ‘Accessibility’ ವಿಭಾಗದಲ್ಲಿ ‘Mouse pointer and touch’ ಎಂಬಲ್ಲಿಗೆ ಹೋದರೆ, ‘Size’ ಎಂಬ ಜಾರುಗುಂಡಿಯು 1ರಿಂದ 15ರವರೆಗೆ ಸರಿಯುತ್ತದೆ. ಒಂದೊಂದು ಹೆಜ್ಜೆಗೂ ಮೂಲಚೌಕ 16 ಪಿಕ್ಸೆಲ್ ಬೆಳೆಯುತ್ತದೆ: 1ರಲ್ಲಿ 32, 3ರಲ್ಲಿ 64, 4ರಲ್ಲಿ 80, 15ರಲ್ಲಿ 256. ಲೇಖಕನು 4ನ್ನು ಆರಿಸಿಕೊಂಡನು. ಆಗ ಬಾಣದ ಎತ್ತರ ಸುಮಾರು 47 ಪಿಕ್ಸೆಲ್; ಮೊಬೈಲಿನಲ್ಲಿಯೂ ಕೊನೆಯ ಬೆಂಚಿನಲ್ಲಿಯೂ 18 ಕಲೆಯ ಆಸುಪಾಸು. ಯಂತ್ರದ ತೆರೆಯ ಅಳತೆ 150 ಪ್ರತಿಶತದಲ್ಲಿದ್ದರೆ ಬಾಣವೂ ಮೊದಲೇ ಒಂದೂವರೆಯಷ್ಟಿರುವುದರಿಂದ ಅಲ್ಲಿಗೆ 3 ಸಾಕು. ಆಪಲ್ ಯಂತ್ರಗಳಲ್ಲಿ ಇದೇ ಏರ್ಪಾಡು ‘Accessibility’ಯ ‘Display’ ಭಾಗದಲ್ಲಿ ‘Pointer size’ ಎಂಬ ಹೆಸರಿನಲ್ಲಿದೆ. ನಮ್ಮ ಕೆಲವು ಪ್ರಯೋಗಶಾಲೆಗಳಲ್ಲಿರುವ ಉಬುಂಟುವಿನಂಥ ಲಿನಕ್ಸ್ ಯಂತ್ರಗಳಲ್ಲಿ ಗ್ನೋಮ್ ಮೇಜು ಇದ್ದರೆ, ಒಂದೇ ಸಾಲಿನ ಆಜ್ಞೆ ಸಾಕು. ಅಲ್ಲಿ ಮೂಲಗಾತ್ರ 24.

```
gsettings set org.gnome.desktop.interface cursor-size 64
```

ಬಾಣ ದೊಡ್ಡದಾದಷ್ಟೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ, ಕನ್ನಡದ ಲಿಪಿಗಂತೂ ಖಂಡಿತ ಅಲ್ಲ. ಡಗ್ಲಾಸ್ ಎಂಗೆಲ್‌ಬಾರ್ಟನು 1968ರ ಡಿಸೆಂಬರ್ 9ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಬಹಿರಂಗವಾಗಿ ಪ್ರದರ್ಶಿಸಿದಾಗ ತೆರೆಯ ಮೇಲಿನ ಗುರುತು ನೆಟ್ಟಗೆ ಮೇಲ್ಮುಖವಾಗಿತ್ತು. ಅದು ಎಡಕ್ಕೆ ಓರೆಯಾದುದು ಆಮೇಲೆ, ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ. ಈ ಓರೆ ಬಾಣದ ‘ತೋರುವ ಬಿಂದು’ ಅದರ ಎಡಮೇಲಿನ ತುದಿ. ಗಾತ್ರವನ್ನು ಹೆಚ್ಚಿಸಿದಾಗ ಆ ತುದಿ ಇದ್ದಲ್ಲಿಯೇ ಇದ್ದು, ಒಡಲು ಬಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಇದರಿಂದ ಮುಂದಿನ ಒಂದೆರಡು ಅಕ್ಷರಗಳು ಮರೆಯಾಗುವುವು, ಅಷ್ಟೆ. ಕನ್ನಡದಲ್ಲಿ ಒತ್ತಕ್ಷರಗಳಿರುವುದು ಕೆಳಗೆ. ದೀರ್ಘ, ಅನುಸ್ವಾರ, ವಿಸರ್ಗಗಳಿರುವುದು ಬಲಕ್ಕೆ. ದೊಡ್ಡ ಬಾಣವು ಅಕ್ಷರದ ಅತ್ಯಂತ ಅರ್ಥವತ್ತಾದ ಭಾಗಗಳನ್ನೇ ಹುಡುಕಿಕೊಂಡು ಹೋಗಿ ಮುಚ್ಚುತ್ತದೆ.

ತಾಳಗುಂದದ ಶಾಸನ ‘ಸಿದ್ಧಂ’ ಎಂಬ ಪದದಿಂದ ಮೊದಲಾಗುತ್ತದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ, ಐದನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ಕೊರೆಸಿದ ಆ ಕಂಬದ ಅಕ್ಷರಗಳಿಗೆ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಚೌಕವಿರುತ್ತದೆ. ‘ಪೆಟ್ಟಿಗೆತಲೆ’ಯ ಲಿಪಿಯೆಂದು ಅದನ್ನು ಕರೆಯುವುದು ಈ ಕಾರಣದಿಂದ. ದಕಾರದ ಕೆಳಗೆ ಧಕಾರವು ಒತ್ತಾಗಿ ಸೇರುವ ಬಗೆಯನ್ನು ತೋರಿಸುವುದು ಪಾಠದ ಮೊದಲ ಕೆಲಸವಾಗಿತ್ತು. ಲೇಖಕನು ಹುರುಪಿನಿಂದ ಗಾತ್ರವನ್ನು 9ಕ್ಕೆ ಏರಿಸಿ ನೋಡಿದಾಗ, ತುದಿಯನ್ನು ದಕಾರದ ಮೇಲಿಟ್ಟೊಡನೆ ಒತ್ತು ಪೂರ್ತಿಯಾಗಿ ಬಾಣದ ಅಡಿಗೆ ಹೋಯಿತು. ಯಾವುದನ್ನು ತೋರಿಸಬೇಕೋ ಅದನ್ನೇ ಮುಚ್ಚಿದಂತಾಯಿತು. ಆದ್ದರಿಂದ ಎರಡು ಅಭ್ಯಾಸಗಳನ್ನು ಮಾಡಿಕೊಂಡೆವು. ಬಾಣದ ಎತ್ತರವು ತೋರಿಸುವ ಅಕ್ಷರದ ಎತ್ತರವನ್ನು ಮೀರಬಾರದು. ನಮ್ಮ ಪಡಿಯಚ್ಚಿನಲ್ಲಿ ಒಂದು ಅಕ್ಷರ ಒತ್ತುಸಹಿತ ಸುಮಾರು 70 ಪಿಕ್ಸೆಲ್ ಇದ್ದುದರಿಂದ 47 ಪಿಕ್ಸೆಲಿನ ಬಾಣ ಹೊಂದಿತು. ಎರಡನೆಯದಾಗಿ, ಬಾಣದ ತುದಿಯನ್ನು ಅಕ್ಷರದ ಮೇಲೆ ಇಡದೆ ಒತ್ತಿನ ಕೆಳಗೆ, ಸಾಲುಗಳ ನಡುವಣ ಬಯಲಿನಲ್ಲಿ ಇಡಬೇಕು. ಓಲೆಗರಿಯನ್ನು ಓದುವವರು ಸಾಲಿನ ಕೆಳಗೆ ಕಡ್ಡಿಯನ್ನು ಸರಿಸುತ್ತ ಹೋಗುವಂತೆ.

ಗಾತ್ರ ಸರಿಯಾದ ಮೇಲೂ ಬಾಣ ಪಡಿಯಚ್ಚಿನ ಮೇಲೆ ಸುಲಭವಾಗಿ ಸಿಗಲಿಲ್ಲ. ಪಡಿಯಚ್ಚು ತೆಗೆಯುವ ಕ್ರಮ ಈ ವಿಭಾಗದ ವಾಚಕರಿಗೆ ಪರಿಚಿತವೇ: ಒದ್ದೆಯ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಹೊಡೆದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿಯನ್ನು ತಟ್ಟುವುದು. ಗುಳಿಗಳಿಗೆ ಮಸಿ ತಗಲದೆ ಅಕ್ಷರ ಬಿಳಿಯಾಗಿಯೂ ಸುತ್ತಲಿನ ಕಲ್ಲು ಕರಿದಾಗಿಯೂ ಕಾಣುತ್ತದೆ. ಕಲ್ಲು ಸವೆದ ಕಡೆಗಳಲ್ಲಿ ಲೆಕ್ಕವಿಲ್ಲದಷ್ಟು ಬಿಳಿ ಚುಕ್ಕೆಗಳು ಬೇರೆ. ಇಂಥ ಚಿತ್ರದ ಮೇಲೆ ಕರಿಯಂಚಿನ ಬಿಳಿಯ ಬಾಣವು ಇನ್ನೊಂದು ಸವೆದ ಅಕ್ಷರದಂತೆಯೇ ತೋರುತ್ತದೆ. ಬಿಳಿಯಂಚಿನ ಕರಿಯ ಬಾಣದ ಗತಿಯೂ ಅಷ್ಟೆ. ಗಾತ್ರದ ಪಟ್ಟಿಯ ಬಳಿಯಲ್ಲಿಯೇ ನಾಲ್ಕು ಬಗೆಯ ಬಾಣಗಳು ದೊರೆಯುತ್ತವೆ: ಬಿಳಿ, ಕಪ್ಪು, ‘Inverted’ ಎಂಬ ವಿಲೋಮ, ಮತ್ತು ‘Custom’ ಎಂಬ ಬೇಕಾದ ಬಣ್ಣದ್ದು.

ವಿಲೋಮವು ಕೇಳುವುದಕ್ಕೆ ಬಹಳ ಜಾಣತನದ ಉಪಾಯ. ಅದು ತನ್ನ ಕೆಳಗಿರುವ ಪ್ರತಿಯೊಂದು ಪಿಕ್ಸೆಲನ್ನೂ ತಿರುಗುಮುರುಗು ಮಾಡುತ್ತದೆ. ಕರಿಯ ಮೇಲೆ ಬಿಳಿ, ಬಿಳಿಯ ಮೇಲೆ ಕರಿ. ಆದರೆ ಅದು ಸೋಲುವ ಒಂದು ನೆಲವಿದೆ. ಬೆಳಕಿನ ಪ್ರಮಾಣವನ್ನು 0ಯಿಂದ 255ರವರೆಗೆ ಎಣಿಸಿದರೆ, ನಡುವಣ ಬೂದು 128. ಅದರ ವಿಲೋಮ 127. ಬಾಣವೂ ನೆಲವೂ ಒಂದೇ ಆಗಿ ಬಾಣ ಕರಗಿಹೋಗುತ್ತದೆ. ಪಡಿಯಚ್ಚನ್ನು ಬಿಟ್ಟು ಕಂಬದ ಛಾಯಾಚಿತ್ರವನ್ನೇ ತೋರಿಸುವಾಗ ಇದು ಪದೇ ಪದೇ ಸಂಭವಿಸಿತು, ಏಕೆಂದರೆ ಕಲ್ಲಿನ ಬಣ್ಣ ಹೆಚ್ಚು ಕಡಿಮೆ ಆ ನಡುಬೂದೇ. ಶಾಸನ, ಶಿಲ್ಪ, ಭೂಪಟ ಇವುಗಳನ್ನು ತೋರಿಸುವವರು ವಿಲೋಮ ಬಾಣವನ್ನು ನೆಚ್ಚಬಾರದು.

ಉಳಿದದ್ದು ಬಣ್ಣ. ಇಲ್ಲಿ ನಮ್ಮ ಕೈ ಮೊದಲು ಹೋಗುವುದು ಕೆಂಪಿನ ಕಡೆಗೆ, ತಿದ್ದುಗುರುತಿನ ಬಣ್ಣವಷ್ಟೆ. ಕಪ್ಪು ನೆಲದ ಮೇಲೆ ಕೆಂಪು ತಪ್ಪು ಆಯ್ಕೆ. ಕಣ್ಣು ಪ್ರಕಾಶವನ್ನು ಅಳೆಯುವಾಗ ಮೂರು ಮೂಲವರ್ಣಗಳಿಗೂ ಸಮನಾದ ಬೆಲೆ ಕೊಡುವುದಿಲ್ಲ. ದೃಶ್ಯಮುದ್ರಣದಲ್ಲಿ ಈಗ ಬಳಕೆಯಲ್ಲಿರುವ ಪ್ರಮಾಣದಂತೆ ಬಿಳಿಯ ಪ್ರಕಾಶವನ್ನು 100 ಎಂದರೆ ಕೆಂಪಿನ ಪಾಲು 21, ಹಸುರಿನದು 72, ನೀಲಿಯದು ಕೇವಲ 7. ಕೆಂಪೂ ಹಸುರೂ ಕೂಡಿದ ಹಳದಿಗೆ 93. ಮುದ್ರಿಕೆಯನ್ನು ಕುಗ್ಗಿಸುವ ಕ್ರಮವೂ ಈ ಪಕ್ಷಪಾತವನ್ನು ಹೆಚ್ಚಿಸುತ್ತದೆ: ಸಾಮಾನ್ಯವಾದ ದೃಶ್ಯಕಡತಗಳಲ್ಲಿ ಪ್ರಕಾಶವನ್ನು ಪಿಕ್ಸೆಲಿಗೊಂದರಂತೆ ಬರೆದಿಟ್ಟರೆ, ಬಣ್ಣವನ್ನು ನಾಲ್ಕು ಪಿಕ್ಸೆಲುಗಳಿಗೆ ಒಂದರಂತೆ ಮಾತ್ರ ಬರೆದಿಡುತ್ತಾರೆ. ಆದ್ದರಿಂದ ಪ್ರಕಾಶದಲ್ಲಿ ನೆಲಕ್ಕಿಂತ ಬೇರೆಯಾಗದೆ ಬಣ್ಣದಲ್ಲಿ ಮಾತ್ರ ಬೇರೆಯಾದ ಸಣ್ಣ ಗುರುತು ಮುದ್ರಿಕೆಯಲ್ಲಿ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಳ್ಳುತ್ತದೆ. ಪಡಿಯಚ್ಚಿನ ಮೇಲೆ ಹಳದಿಯ ಬಾಣ ದೀಪದಂತೆ ಕಂಡಿತು.

ಆದರೆ ಅದೇ ಪಾಠದಲ್ಲಿ ಅಕ್ಷರಗಳ ಪಾಠಾಂತರವನ್ನು ಬಿಳಿಯ ಪುಟದ ಮೇಲೆ ತೋರಿಸುವಾಗ ಹಳದಿ ಮಾಯವಾಯಿತು; ನೂರರ ಮೇಲೆ ತೊಂಬತ್ತಮೂರು ಹೇಗೆ ತಾನೇ ಕಂಡೀತು? ಪುಟ ಬದಲಾದಾಗಲೆಲ್ಲ ಬಾಣದ ಬಣ್ಣವನ್ನು ಬದಲಾಯಿಸುವುದು ಪಾಠದ ನಡುವೆ ಸಾಧ್ಯವಿಲ್ಲ. ಲೇಖಕನು ಕೊನೆಗೆ ಬಾಣದ ಬದಲು ಪುಟವನ್ನೇ ಬದಲಾಯಿಸಿ, ಎಲ್ಲ ಪುಟಗಳಿಗೂ ಕಡುಬೂದಿನ ನೆಲವನ್ನೂ ಬಿಳಿಯ ಅಕ್ಷರಗಳನ್ನೂ ಕೊಟ್ಟನು. ಕಿಟಕಿಗಳಿಂದ ಬೆಳಕು ನುಗ್ಗುವ ತರಗತಿಯಲ್ಲಿ ಇದು ನಡೆಯುವುದಿಲ್ಲವೆಂಬುದನ್ನು ಹೇಳಿಬಿಡಬೇಕು. ಪ್ರೊಜೆಕ್ಟರು ಕಪ್ಪನ್ನು ಬೀರಲಾರದು. ಅದು ಬೆಳಕನ್ನು ಕೊಡದೆ ಬಿಟ್ಟ ಕಡೆ ತೆರೆ ತಾನಿದ್ದಂತೆಯೇ, ಎಂದರೆ ಹಗಲಿನ ಬೆಳಕಿನಲ್ಲಿ ಬೂದುಬಿಳಿಯಾಗಿಯೇ, ಕಾಣುತ್ತದೆ. ಅಂಥ ಕೊಠಡಿಯಲ್ಲಿ ಪುಟ ಬಿಳಿಯಾಗಿದ್ದು, ಬಾಣ ಕಡುನೇರಳೆ ಅಥವಾ ಕಡುಗೆಂಪಾಗಿರುವುದು ಮೇಲು. ಪಡಿಯಚ್ಚನ್ನೂ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತಿರುಗುಮುರುಗು ಮಾಡಿ, ಬಿಳಿಯ ಮೇಲೆ ಕರಿಯ ಅಕ್ಷರವಾಗಿಸಿ ತೋರಿಸಬಹುದು.

ಈಗ ಉಂಗುರದ ಮಾತು. ಬಾಣದ ಸುತ್ತ, ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯಂತೆ, ಬಣ್ಣದ ವೃತ್ತವೊಂದನ್ನು ಕೂಡಿಸುವುದು ಇಂದು ಪಾಠಮುದ್ರಣಗಳಲ್ಲಿ ಸಾಮಾನ್ಯವಾಗಿದೆ. ಬಾಣವು ಒಂದು ಬಿಂದುವನ್ನು ತೋರಿಸಿದರೆ ಉಂಗುರವು ಒಂದು ಪ್ರದೇಶವನ್ನು ತೋರಿಸುತ್ತದೆ. ಅದರ ಉಪಯೋಗ ಇರುವುದು ಇದರಲ್ಲಿ. ವಿಂಡೋಸಿನೊಳಗೆ ಈ ಸೌಕರ್ಯವಿಲ್ಲ; ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ಉಪಕರಣಗಳ ಕಟ್ಟಿನಲ್ಲಿ ‘Mouse Highlighter’ ಎಂಬ ಹೆಸರಿನಿಂದ ಅದು ದೊರೆಯುತ್ತದೆ. Win, Shift, H ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಮತ್ತೆ ಒತ್ತಿದರೆ ಅಡಗುತ್ತದೆ.

ಇದನ್ನು ಮೊದಲ ಸಲ ಹಚ್ಚಿದವರು ಏನೂ ಆಗಲಿಲ್ಲವೆಂದು ನಿರಾಶರಾಗುವುದುಂಟು. ಗುಂಡಿಯನ್ನು ಒತ್ತಿದಾಗ ಮಾತ್ರ ಬಿಲ್ಲೆ ಮೂಡಿ, ಬಿಟ್ಟೊಡನೆ ಮಾಸಿಹೋಗುವಂತೆ ಅದನ್ನು ರಚಿಸಿದ್ದಾರೆ. ತಂತ್ರಾಂಶದ ಬಳಕೆಯನ್ನು ಕಲಿಸುವವರಿಗೆ ಅದೇ ಬೇಕಾದದ್ದು, ಏಕೆಂದರೆ ಅಲ್ಲಿ ಎಲ್ಲಿ ಒತ್ತಬೇಕೆಂಬುದೇ ಪಾಠ. ನಮಗಾದರೋ ಒತ್ತುವುದಕ್ಕೆ ಏನೂ ಇಲ್ಲ. ಪುಟಗಳ ಪ್ರದರ್ಶನ ನಡೆಯುತ್ತಿರುವಾಗ ಬಿಲ್ಲೆಗಾಗಿ ಗುಂಡಿ ಒತ್ತಿದರೆ ಪುಟವೇ ಮುಂದಕ್ಕೆ ಹೋಗಿಬಿಡುತ್ತದೆ. ಲೇಖಕನು ಹೀಗೆ ಮಯೂರಶರ್ಮನನ್ನು ಕಂಚಿಗೆ ಕಳುಹಿಸುವ ಮುನ್ನವೇ ರಾಜನನ್ನಾಗಿ ಮಾಡಿದ್ದುಂಟು. ‘Always highlight color’ ಎಂಬಲ್ಲಿ ಒಂದು ಬಣ್ಣವನ್ನು ಅರೆಪಾರದರ್ಶಕವಾಗಿ ಇಟ್ಟರೆ ಬಿಲ್ಲೆ ಸದಾ ಬಾಣದೊಡನೆಯೇ ಇರುತ್ತದೆ.

ಈ ಉಪಕರಣವು ಬಾಣಕ್ಕೆ ಕೂಡಿಸುವುದು ಬಣ್ಣ ತುಂಬಿದ ಬಿಲ್ಲೆಯನ್ನು. ತುಂಬಿದ ಬಿಲ್ಲೆ ಅಕ್ಷರವನ್ನು ಮಸಕುಮಾಡುವುದಿಲ್ಲವೆ? ಎಷ್ಟು ಮಸಕಾಗುವುದೆಂಬುದನ್ನು ಲೆಕ್ಕ ಹಾಕಬಹುದು. ಹಳದಿಯನ್ನು 40 ಪ್ರತಿಶತ ಗಾಢತೆಯಲ್ಲಿಟ್ಟರೆ, ಅದರ ಅಡಿಯಲ್ಲಿ ಪಡಿಯಚ್ಚಿನ ಕಪ್ಪು ಮಂದವಾದ ಹಳದಿಗೆ ಏರುತ್ತದೆ, ಬಿಳಿ ತಿಳಿಹಳದಿಗೆ ಇಳಿಯುತ್ತದೆ. ಎರಡರ ನಡುವಣ ಅಂತರ ಮೊದಲಿದ್ದುದರ ಐದರಲ್ಲಿ ಮೂರು ಪಾಲು ಉಳಿಯುತ್ತದೆ. ಓದುವುದಕ್ಕೆ ಅದು ಸಾಕು. 70 ಪ್ರತಿಶತಕ್ಕೆ ಏರಿಸಿದರೆ ಮೂರರಲ್ಲೊಂದು ಪಾಲೂ ಉಳಿಯುವುದಿಲ್ಲ. ಸವೆದ ಅಕ್ಷರ ಅಲ್ಲಿಗೆ ಮುಗಿಯಿತು. ಅಂಚು ಮಾತ್ರವಿರುವ ಪೊಳ್ಳು ಉಂಗುರವನ್ನು ಬರೆಯುವ ಬೇರೆ ತಂತ್ರಾಂಶಗಳಿವೆ. ಅವುಗಳಲ್ಲಿ ಗೆರೆಯ ದಪ್ಪವನ್ನು ಗಮನಿಸಬೇಕು. ಮೊಬೈಲಿನ ಸಂಪರ್ಕ ದುರ್ಬಲವಾದಾಗ ದೃಶ್ಯವು 360 ಸಾಲುಗಳಿಗೆ, ಎಂದರೆ ಮೂಲದ ಮೂರನೆಯ ಒಂದು ಭಾಗಕ್ಕೆ, ಇಳಿಯುತ್ತದೆ. ಆಗ 3 ಪಿಕ್ಸೆಲಿನ ಗೆರೆ ಒಂದೇ ಪಿಕ್ಸೆಲಾಗಿ, ಬಣ್ಣವೂ ನೆಲದೊಡನೆ ಬೆರೆತು, ಉಂಗುರ ಅಳಿಸಿದಂತಾಗುತ್ತದೆ. 6 ಪಿಕ್ಸೆಲಿಗಿಂತ ತೆಳುವಾದ ಗೆರೆಯನ್ನು ನಂಬಲಾಗದು. ಆಪಲ್ ಯಂತ್ರದ ಮುದ್ರಣಪಟ್ಟಿಯಲ್ಲಿರುವ ‘Show Mouse Clicks’ ಎಂಬುದು ಒತ್ತಿದಾಗ ಬಾಣದ ಸುತ್ತ ಕರಿಯ ವೃತ್ತವನ್ನು ಬರೆಯುತ್ತದೆ. ಕರಿಯ ಪಡಿಯಚ್ಚಿನ ಮೇಲೆ ಅದರಿಂದ ಪ್ರಯೋಜನವಿಲ್ಲ.

ಬಿಲ್ಲೆಯ ತ್ರಿಜ್ಯವನ್ನು 20 ಪಿಕ್ಸೆಲಿಗೆ ಇಟ್ಟುಕೊಟ್ಟಿರುತ್ತಾರೆ. ನೆಟ್ಟಗೆ ಹಿಡಿದ ಮೊಬೈಲಿನಲ್ಲಿ ಅಂಥ ಬಿಲ್ಲೆಯ ಅಡ್ಡಳತೆ ಒಂದೂಕಾಲು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಬಾಣದ ಮೂಗಿಗೆ ಹಚ್ಚಿದ ಬೊಟ್ಟಿನಂತೆ. 70 ಪಿಕ್ಸೆಲಿನ ಒಂದು ಅಕ್ಷರವನ್ನು ಬಾಣದ ತುದಿಯೊಡನೆ ಒಳಗೊಳ್ಳಬೇಕಾದರೆ, ತುದಿಯು ಅಕ್ಷರದ ಕೆಳಗಿರುವುದರಿಂದ, ತ್ರಿಜ್ಯ 80ಕ್ಕೆ ಕಡಿಮೆಯಿರಬಾರದು. ನಾವು 80ನ್ನೇ ಇಟ್ಟೆವು. ಇದರಿಂದ ಎಡಬಲದ ಅಕ್ಷರಗಳ ಅಂಚೂ ಬಿಲ್ಲೆಯೊಳಗೆ ಸೇರುತ್ತದೆ. ಬಾಣದ ತುದಿ ನಡುವಣದನ್ನೇ ಹೇಳುವುದರಿಂದ ಗೊಂದಲವಾಗಲಿಲ್ಲ.

ಇಷ್ಟೆಲ್ಲ ಸಿದ್ಧಪಡಿಸಿ ಪಾಠವನ್ನು ಎರಡನೆಯ ಸಲ ಮುದ್ರಿಸಿದಾಗ, ಮುದ್ರಿಕೆಯಲ್ಲಿ ಹಳದಿಯ ಬಾಣವಿತ್ತು, ಬಿಲ್ಲೆ ಮಾತ್ರ ಇರಲಿಲ್ಲ. ಲೇಖಕನ ತೆರೆಯ ಮೇಲೆ ಅದು ಪಾಠದುದ್ದಕ್ಕೂ ಇದ್ದುದಂತೂ ನಿಶ್ಚಯ. ಕಾರಣವನ್ನು ತಿಳಿಯಲು ಒಂದು ಸಂಜೆ ಬೇಕಾಯಿತು. ಬಾಣದಂತೆ ಬಿಲ್ಲೆಯು ಚಿತ್ರಯಂತ್ರದ ಕೊನೆಯ ಪದರದಲ್ಲಿರುವುದಿಲ್ಲ. ಅದು ತೆರೆಯ ತುಂಬ ಹರಡಿದ, ಕಣ್ಣಿಗೆ ಕಾಣದ, ಪಾರದರ್ಶಕವಾದ ಬೇರೊಂದು ಕಿಟಕಿಯ ಮೇಲೆ ಬರೆದ ಚಿತ್ರ. ಮುದ್ರಿಸುವಾಗ ‘Window Capture’ ಎಂಬುದನ್ನು ಆರಿಸಿ, ಪಾಠದ ಕಿಟಕಿಯೊಂದನ್ನೇ ಮುದ್ರಿಸೆಂದು ಹೇಳಿದರೆ, ತಂತ್ರಾಂಶವು ಆ ಕಿಟಕಿಯನ್ನೂ ತನಗೆ ಪ್ರತ್ಯೇಕವಾಗಿ ಗೊತ್ತಿರುವ ಬಾಣವನ್ನೂ ಬರೆದುಕೊಳ್ಳುತ್ತದೆ. ಮೇಲಿರುವ ಪಾರದರ್ಶಕ ಕಿಟಕಿ ಅದರ ಪಾಲಿಗೆ ಬೇರೆ ಮನೆ. ‘Display Capture’ ಆರಿಸಿದರೆ ಎಲ್ಲ ಕಿಟಕಿಗಳೂ ಒಂದರ ಮೇಲೊಂದು ಕೂಡಿದ ಇಡೀ ತೆರೆ ಬರುವುದರಿಂದ ಬಿಲ್ಲೆಯೂ ಬರುತ್ತದೆ. ಝೂಮ್ ಮುಂತಾದವುಗಳ ಮೂಲಕ ನೇರಪಾಠ ಮಾಡುವಾಗಲೂ ಇದೇ ನ್ಯಾಯ: ಒಂದು ಕಿಟಕಿಯನ್ನು ಮಾತ್ರ ಹಂಚಿಕೊಂಡರೆ ಬಿಲ್ಲೆ ಉಪಾಧ್ಯಾಯನಿಗೆ ಕಾಣುತ್ತದೆ, ವಿದ್ಯಾರ್ಥಿಗಳಿಗೆ ಕಾಣುವುದಿಲ್ಲ, ಇಡೀ ತೆರೆಯನ್ನು ಹಂಚಿಕೊಳ್ಳಬೇಕು. ಇಡೀ ತೆರೆಯನ್ನು ಹಂಚಿಕೊಂಡಾಗ ಬಂದ ಪತ್ರಗಳ ಸೂಚನೆಗಳೂ ಎಲ್ಲರಿಗೆ ಕಾಣುವುದರಿಂದ ಅವನ್ನು ಮೊದಲೇ ಮುಚ್ಚಿಡುವುದು ಕ್ಷೇಮ. ತರಗತಿಯ ಪ್ರೊಜೆಕ್ಟರಿಗೆ ಈ ತೊಡಕಿಲ್ಲ, ಅದು ತೆರೆ ತೋರಿಸಿದ್ದನ್ನೆಲ್ಲ ತೋರಿಸುತ್ತದೆ.

ಬಾಣ ಒಂದು ಪದರದಲ್ಲಿಯೂ ಬಿಲ್ಲೆ ಮತ್ತೊಂದರಲ್ಲಿಯೂ ಇರುವುದರ ಇನ್ನೊಂದು ಪರಿಣಾಮವನ್ನು ಮುದ್ರಿಕೆಯಲ್ಲಿ ಕಾಣಬಹುದು. ಮೌಸನ್ನು ವೇಗವಾಗಿ ಎಳೆದರೆ ಬಾಣ ಮುಂದೆ ಓಡಿ, ಬಿಲ್ಲೆ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಆ ಕ್ಷಣದಲ್ಲಿ ‘ಇದು’ ಎಂದರೆ ಎರಡು ಕಡೆ ತೋರಿಸಿದಂತಾಗುವುದು. ನಿಧಾನವಾಗಿ ಸರಿಸಿ, ನಿಲ್ಲಿಸಿ, ಆಮೇಲೆ ಮಾತನಾಡುವುದೇ ಇದಕ್ಕೆ ಉಪಾಯ. ಪವರ್‌ಪಾಯಿಂಟಿನಲ್ಲಿ Ctrl ಮತ್ತು L ಒತ್ತಿದರೆ ಬಾಣವೇ ಹೊಳೆಯುವ ಚುಕ್ಕೆಯಾಗುತ್ತದೆ; ಅದಕ್ಕೆ ಬೇರೆ ಉಪಕರಣ ಬೇಡವೆಂಬುದು ಅನುಕೂಲ. ಆದರೆ ಆ ಚುಕ್ಕೆಯ ಗಾತ್ರವನ್ನು ಹೆಚ್ಚಿಸಲು ಬಾರದು, ಬಣ್ಣವೂ ಕೆಂಪು, ಹಸುರು, ನೀಲಿ ಎಂಬ ಮೂರರಲ್ಲಿ ಒಂದು. ಪಡಿಯಚ್ಚಿಗೆ ಇವುಗಳಲ್ಲಿ ಹಸುರೇ ಸರಿ. ಕಾರಣವನ್ನು ಮೇಲೆ ಹೇಳಿದೆ.

ಮೂರನೆಯ ಸಲದ ಮುದ್ರಣಕ್ಕೆ ಮುಂಚೆ ಒಂದು ಪರೀಕ್ಷೆಯನ್ನು ಗೊತ್ತುಮಾಡಿಕೊಂಡೆವು. ಇಪ್ಪತ್ತು ಸೆಕೆಂಡುಗಳ ತುಣುಕೊಂದನ್ನು ಮುದ್ರಿಸಿ, ಮೊಬೈಲಿಗೆ ಕಳುಹಿಸಿ, 360 ಸಾಲುಗಳಿಗೆ ಇಳಿಸಿ, ನೆಟ್ಟಗೆ ಹಿಡಿದು, ನಡುವೆ ಎಲ್ಲಾದರೂ ನಿಲ್ಲಿಸಿ, ಪಾಠವನ್ನು ಕೇಳದ ಒಬ್ಬರಿಗೆ ಕೊಟ್ಟು “ಇಲ್ಲಿ ಯಾವ ಅಕ್ಷರವನ್ನು ತೋರಿಸಿದೆ?” ಎಂದು ಕೇಳುವುದು. ನಿಲ್ಲಿಸುವುದು ಮುಖ್ಯ, ಓಡುತ್ತಿರುವ ದೃಶ್ಯದಲ್ಲಿ ಚಲನೆಯೇ ಬಾಣವನ್ನು ತೋರಿಸಿಕೊಟ್ಟು ದೋಷವನ್ನು ಮುಚ್ಚಿಬಿಡುತ್ತದೆ. ಮನೆಯಲ್ಲಿ ಲೇಖಕನ ತಾಯಿಯವರಿಗೆ, ಕನ್ನಡಕವಿಲ್ಲದೆ, ತುಣುಕನ್ನು ತೋರಿಸಿದಾಗ ಅವರು ತಡಮಾಡದೆ ದಕಾರದ ಕೆಳಗಿನ ಒತ್ತಿನ ಮೇಲೆ ಬೆರಳಿಟ್ಟು, “ಇದೇನು, ಅಕ್ಷರವೋ ಕಲ್ಲು ಒಡೆದದ್ದೋ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಪಾಠವನ್ನು ಮೊದಲಿನಿಂದ ಮತ್ತೊಮ್ಮೆ ಮುದ್ರಿಸಲಾಯಿತು.